ಸಹಾಯ ಬೇಕು: ಓರೆ ಕೋರೆಹಲ್ಲಿಗೆ ಕ್ಲಿಪ್ಪೋ, ಅಲೈನರೋ?

ನನಗೆ 36 ವರ್ಷ. ಮೇಲಿನ ಎಡಗಡೆಯ ಕೋರೆಹಲ್ಲು ಸಾಲು ಬಿಟ್ಟು ಮುಂದೆ ಬಂದು, ಅರ್ಧ ತೆರೆದ ಕದದಂತೆ ತಿರುಗಿ ನಿಂತಿದೆ. ತಂಗಿಯ ಮದುವೆಯಲ್ಲಿ ಫೋಟೋ ತೆಗೆಯುವವನು ಎಲ್ಲರೆದುರು "ಮೇಡಂ, ಬಾಯಿ ಮುಚ್ಚಿಕೊಂಡು ನಗಿ" ಎಂದ. ಹುಡುಗಿಯಾಗಿದ್ದಾಗ ಕೇಳಿದ್ದರೆ ಅತ್ತು ಮರೆಯುತ್ತಿದ್ದೆನೇನೋ, ಈಗ ಮರೆಯಲಾಗುತ್ತಿಲ್ಲ.

ಇಬ್ಬರು ದಂತವೈದ್ಯರನ್ನು ಕಂಡೆ. ಮೊದಲನೆಯವರು ಕ್ಲಿಪ್ಪೇ ಸರಿ ಎಂದರು. ಕೋರೆಹಲ್ಲು ದುಂಡಗಿರುವುದರಿಂದ ಪ್ಲಾಸ್ಟಿಕ್ ಅಲೈನರ್ ಅದನ್ನು ತಿರುಗಿಸುವಾಗ ಜಾರಬಹುದಂತೆ. ಹಲ್ಲಿಗೂ ಅಲೈನರಿಗೂ ನಡುವೆ ಸಂದು ಕಂಡರೆ ಹಲ್ಲು ಯೋಜನೆಯಂತೆ ಸರಿಯುತ್ತಿಲ್ಲವೆಂದು ಅರ್ಥ. ಎರಡನೆಯವರು, ಹಲ್ಲಿನ ಬಣ್ಣದ ಪುಟ್ಟ ಉಬ್ಬು ಅಂಟಿಸಿದರೆ ಅಲೈನರಿಗೂ ಹಿಡಿತ ಸಿಗುತ್ತದೆ ಎಂದರು. ಆದರೆ ಅಲೈನರನ್ನು ದಿನಕ್ಕೆ 20ರಿಂದ 22 ಗಂಟೆ ಹಾಕಿರಬೇಕು, ಕಾಫಿ ಕುಡಿಯುವಾಗಲೆಲ್ಲ ತೆಗೆಯಬೇಕು. ನನಗೆ ದಿನಕ್ಕೆ ಐದು ಲೋಟ ಕಾಫಿ ಬೇಕು! ಯಾವುದನ್ನು ಹಾಕಿಸಿದರೂ ಕೊನೆಗೆ ರಾತ್ರಿ ರಿಟೇನರ್ ತಪ್ಪದು, ಇಲ್ಲವಾದರೆ ಹಲ್ಲು ಹಳೆಯ ಜಾಗಕ್ಕೆ ಮರಳುತ್ತದೆ ಎಂಬುದರಲ್ಲಿ ಮಾತ್ರ ಇಬ್ಬರಿಗೂ ಒಮ್ಮತ.

ಮೂವತ್ತು ದಾಟಿದ ಮೇಲೆ ಇಂಥ ತಿರುಗಿದ ಕೋರೆಹಲ್ಲನ್ನು ಅಲೈನರಿನಿಂದಲೇ ಸರಿಪಡಿಸಿಕೊಂಡವರು ಇದ್ದೀರಾ? ನಡುವೆ ಕ್ಲಿಪ್ಪಿಗೆ ಬದಲಾಯಿಸಬೇಕಾಯಿತೇ? ಹಲ್ಲಿನ ಬಣ್ಣದ ಸೆರಾಮಿಕ್ ಕ್ಲಿಪ್ ಹಾಕಿಸಿಕೊಂಡವರೂ ತಿಳಿಸಿ: ಅರಿಶಿನದ ಸಾರು ಉಂಡ ಮೇಲೆ ಅದರ ರಬ್ಬರ್ ಉಂಗುರಗಳು ಎಷ್ಟು ಹಳದಿಯಾಗುತ್ತವೆ?