ಪದಚರ್ಚೆ: ಓಲೆಗರಿಯ ಕೊನೆಯಲ್ಲಿರುವ ‘ರ್ಬಲು’ ಪದವೇ, ಅಥವಾ ನನ್ನ ಓದಿನ ತಪ್ಪೇ?

ಎಲ್ಲರಿಗೂ ನಮಸ್ಕಾರ.

ಕಳೆದ ವಾರ ನಾನು ಇಲ್ಲಿ ‘ರ್ಬಲು’ ಎಂಬ ಪದದ ಅರ್ಥವನ್ನು ಕೇಳಿದ್ದೆ. ಉಡುಪಿ ಸಮೀಪದ ನನ್ನ ತಾಯಿಯ ತವರುಮನೆಯಲ್ಲಿ ಉಳಿದುಕೊಂಡಿರುವ 43 ಗರಿಗಳ ಒಂದು ಯಕ್ಷಗಾನ ಪ್ರಸಂಗದ ಕಟ್ಟಿನಲ್ಲಿ, ಕೊನೆಯ ಗರಿಯ ಕೊನೆಯ ಸಾಲನ್ನು ನಾನು ‘ಕಾರ್ತಿಕರ್ಬಲು’ ಎಂದು ಓದಿದ್ದೆ. ತಿಂಗಳ ಹೆಸರು ಸ್ಪಷ್ಟವಾಗಿತ್ತು. ಉಳಿದದ್ದು ಯಾವ ನಿಘಂಟಿನಲ್ಲೂ ಸಿಗಲಿಲ್ಲ. ಬಂದ ಉತ್ತರಗಳಿಂದ ಅರ್ಧ ಸಾಲು ಬಗೆಹರಿದಿದೆ, ಇನ್ನರ್ಧ ಹಾಗೆಯೇ ನಿಂತಿದೆ. ಹೇಗೆ ಬಗೆಹರಿಯಿತೆಂಬುದು ಇಂಥ ಗರಿಗಳ ಫೋಟೋ ಇಟ್ಟುಕೊಂಡಿರುವ ಬೇರೆಯವರಿಗೂ ಬೇಕಾದೀತೆಂದು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಗರಿಯ ವಿನ್ಯಾಸವನ್ನು ಹೇಳಬೇಕು, ಏಕೆಂದರೆ ನನ್ನ ಮೊದಲ ತಪ್ಪು ಅಲ್ಲಿಯೇ ಆದದ್ದು. ಗರಿ ಸುಮಾರು 34 ಸೆಂಟಿಮೀಟರ್ ಉದ್ದ, 4 ಸೆಂಟಿಮೀಟರ್ ಅಗಲ ಇದೆ. ಒಂದೊಂದು ಮಗ್ಗುಲಲ್ಲಿ ಏಳು ಸಾಲುಗಳಿವೆ. ದಾರ ಪೋಣಿಸಲು ಎರಡು ತೂತುಗಳಿದ್ದು, ದಾರದ ಉಜ್ಜಾಟಕ್ಕೆ ಅಕ್ಷರ ಕೆಡಬಾರದೆಂದು ಲಿಪಿಕಾರ ಪ್ರತಿ ತೂತಿನ ಸುತ್ತ ಚೌಕಾಕಾರವಾಗಿ ಜಾಗ ಬಿಟ್ಟಿದ್ದಾನೆ. ಹೀಗಾಗಿ ಫೋಟೋದಲ್ಲಿ ಪುಟವು ಪತ್ರಿಕೆಯ ಮೂರು ಅಂಕಣಗಳಂತೆ ಕಾಣುತ್ತದೆ. ನಾನು ಎಡದ ಭಾಗವನ್ನು ಮೇಲಿನಿಂದ ಕೆಳಗೆ ಪೂರ್ತಿ ಓದಿ, ಆಮೇಲೆ ನಡುವಿನ ಭಾಗಕ್ಕೆ ಬಂದಿದ್ದೆ. ಎರಡು ಪದ್ಯಗಳು ಕಲಸಿಹೋಗಿ ಯಾವುದಕ್ಕೂ ಅರ್ಥವಿಲ್ಲದಂತಾಗಿತ್ತು. ನಿಜವಾಗಿ ಪ್ರತಿ ಸಾಲೂ ಖಾಲಿ ಜಾಗಗಳನ್ನು ದಾಟಿ ಎಡತುದಿಯಿಂದ ಬಲತುದಿಯವರೆಗೆ ಹೋಗುತ್ತದೆ. ಪದ ಎಲ್ಲಿ ಮುಗಿಯಿತು ಎಂಬ ಯೋಚನೆಯೇ ಇಲ್ಲದೆ ತೂತಿನ ಈಚೆ ‘ಭೀಮಸೇ’, ಆಚೆ ‘ನನು’ ಎಂದು ಬರೆದಿರುವುದೂ ಉಂಟು. ಗರಿಯ ಸಂಖ್ಯೆ ಎಡ ಅಂಚಿನಲ್ಲಿ, ಒಂದು ಮಗ್ಗುಲಲ್ಲಿ ಮಾತ್ರ ಇದೆ. ಕನ್ನಡ ಅಂಕಿಯಲ್ಲಿರುವ ಈ ಸಂಖ್ಯೆಯೇ ಮುಂದೆ ಕೈಹಿಡಿಯಿತು.

ಕೊನೆಯ ಸಾಲನ್ನು ಒಂದೊಂದೇ ಅಕ್ಷರವಾಗಿ ಪ್ರತಿ ಮಾಡಿದರೆ ಹೀಗಿದೆ: ‘ಶೊಭಕ್ರುತುಸಂಕಾರ್ತಿಕಬ೯ಲು’, ಬಳಿಕ ಎರಡನೆಯ ತೂತಿನ ಹತ್ತಿರ ಗರಿ ಮುರಿದು ಎರಡು ಮೂರು ಅಕ್ಷರ ಹೋಗಿದೆ, ಅನಂತರ ‘ವಾರದಲುಬರದಕೊಟದ’, ಆಮೇಲೆ ಬಲತುದಿಯೇ ಇಲ್ಲ. ಪದಗಳ ನಡುವೆ ಬಿಡುವಿಲ್ಲ. ದೀರ್ಘದ ಗುರುತನ್ನು ಎ, ಒ ಸ್ವರಗಳಿಗೆ ಈ ಲಿಪಿಕಾರ ಎಲ್ಲಿಯೂ ಹಾಕಿಲ್ಲ, ಆದ್ದರಿಂದ ‘ಶೋಭಕೃತು’ ಎಂಬ ಸಂವತ್ಸರದ ಹೆಸರು ‘ಶೊಭಕ್ರುತು’ ಆಗಿದೆ.

ಮಂಗಳೂರಿನ ಒಬ್ಬ ಸದಸ್ಯರು ಮೊದಲು ಉತ್ತರಿಸಿ, ‘ಬಲು’ ಎಂದರೆ ‘ಬಹಳ’, ಆದ್ದರಿಂದ ‘ಕಾರ್ತಿಕರ್ ಬಲು’ ಎಂದು ಬಿಡಿಸಬೇಕು, ಕಾರ್ತಿಕ ಎಂಬವರನ್ನು ಹೊಗಳಿದ ಮಾತಿದು ಎಂದರು. ನಾನು ಇಡೀ ಸಾಲನ್ನು ಕೊಡದೆ ಒಂದು ತುಂಡನ್ನು ಮಾತ್ರ ಕೊಟ್ಟಿದ್ದರಿಂದ ಹೀಗಾಯಿತು, ತಪ್ಪು ನನ್ನದು. ಕಾರ್ಕಳದ ಇನ್ನೊಬ್ಬರು, ಹಿಂದೆ ಸಂವತ್ಸರ, ಮುಂದೆ ‘ವಾರದಲು’ ಇರುವಾಗ ನಡುವೆ ಇರುವುದು ದಿನಾಂಕವೇ ಆಗಬೇಕು ಎಂದು ಸರಿಯಾಗಿ ಹಿಡಿದರು. ಆದರೆ ‘ಬ’ ಎಂದರೆ ಬುಧವಾರ ಎಂದದ್ದು ನನಗೆ ಒಪ್ಪಿಗೆಯಾಗಲಿಲ್ಲ. ವಾರದ ಹೆಸರು ಮುರಿದ ಜಾಗದಲ್ಲಿ, ‘ವಾರದಲು’ ಎಂಬುದಕ್ಕೆ ಮೊದಲು ಇದ್ದಿರಬೇಕು. ಅದನ್ನೇ ಎರಡು ಸಲ ಯಾರು ಬರೆಯುತ್ತಾರೆ?

ಮೂಡುಬಿದಿರೆಯ ಕಡೆಯ ಹಿರಿಯರೊಬ್ಬರು, ಬಹಳ ವರ್ಷ ಓಲೆಗರಿಗಳ ಪ್ರತಿ ಮಾಡಿದವರು, ಬರೆದ ಉತ್ತರ ಚಿಕ್ಕದು: “ಅದು ರ್ಬಲು ಅಲ್ಲ ಮಾರಾಯರೇ, ಬ, ೯, ಲು. ಬಹುಳ ನವಮಿಯಲು. ನೀವು ಅಂಕಿಯನ್ನು ಅರ್ಕಾವೊತ್ತು ಮಾಡಿಕೊಂಡಿದ್ದೀರಿ.”

ಓದಿದ ಮೇಲೆ ಇದಕ್ಕಿಂತ ಸರಳವಾದದ್ದು ಇಲ್ಲವೆನಿಸಿತು. ಶುದ್ಧ ಪಕ್ಷಕ್ಕೆ ‘ಶು’, ಬಹುಳ ಪಕ್ಷಕ್ಕೆ ‘ಬ’, ಬಳಿಕ ತಿಥಿಯ ಅಂಕಿ, ಕೊನೆಗೆ ‘ನವಮಿಯಲು’, ‘ದಶಮಿಯಲು’ ಎಂಬುದರ ಬಾಲವಾಗಿ ಉಳಿದ ‘ಲು’. ನಮ್ಮ ಕರಾವಳಿಯ ಶಾಸನಗಳಲ್ಲಿಯೂ ಹಳೆಯ ಕಾಗದಪತ್ರಗಳಲ್ಲಿಯೂ ತಿಥಿಯನ್ನು ಹೀಗೆಯೇ ಬರೆಯುತ್ತಿದ್ದರು. ‘ಸಂ’ ಎಂಬುದೂ ‘ಸಂವತ್ಸರದ’ ಎಂಬುದರ ಮೊದಲಕ್ಷರ ಮಾತ್ರ. ಲಿಪಿಕಾರ ಪದವನ್ನು ಬರೆದಿಲ್ಲ, ಓದುವವನಿಗೆ ಗೊತ್ತಿದ್ದ ಪದವನ್ನು ನೆನಪಿಸಿದ್ದಾನೆ ಅಷ್ಟೆ. ಇಂಥ ಸಂಕ್ಷೇಪಕ್ಕೆ ಯಾವ ಗುರುತೂ ಇಲ್ಲ. ಚುಕ್ಕಿಯಿಲ್ಲ, ಗೆರೆಯಿಲ್ಲ, ಬಿಡುವಿಲ್ಲ. ಮೊದಲೇ ಗೊತ್ತಿಲ್ಲದವನಿಗೆ ಅದು ಅಕ್ಕಪಕ್ಕದ ಅಕ್ಷರಗಳೊಂದಿಗೆ ಸೇರಿ ಇಲ್ಲದ ಪದವೊಂದನ್ನು ಹುಟ್ಟಿಸುತ್ತದೆ.

ಇಲ್ಲಿ ಇನ್ನೊಂದು ತೊಡಕೂ ಸೇರಿಕೊಂಡಿತ್ತು. ಅರ್ಕಾವೊತ್ತನ್ನು ಉಚ್ಚಾರದಲ್ಲಿ ಮೊದಲು ಹೇಳಿದರೂ ಬರಹದಲ್ಲಿ ಅಕ್ಷರದ ಬಲಕ್ಕೆ ಇಡುತ್ತೇವೆ, ಮತ್ತು ಅದರ ಆಕಾರ ಕನ್ನಡದ ೯ಕ್ಕೆ ತೀರ ಹತ್ತಿರ. ಆದ್ದರಿಂದ ‘ಬ’ದ ಪಕ್ಕದ ೯ನ್ನು ಕಂಡ ಕೂಡಲೇ ಕಣ್ಣು ತಾನಾಗಿ ‘ರ್ಬ’ ಎಂದು ಓದಿತು. ಅದೇ ಸಾಲಿನ ‘ಕಾರ್ತಿಕ’ದಲ್ಲಿ ನಿಜವಾದ ಅರ್ಕಾವೊತ್ತು ಇದ್ದದ್ದು ನನ್ನ ತಪ್ಪನ್ನು ಇನ್ನಷ್ಟು ಗಟ್ಟಿ ಮಾಡಿತು.

ಅರ್ಥ ಕೂಡಿಬಂತೆಂದು ಒಪ್ಪಿಬಿಡಬೇಡಿ, ಕೈಬರಹದಲ್ಲಿಯೇ ಆಧಾರ ಹುಡುಕಿ ಎಂದು ಹಿರಿಯರು ಇನ್ನೊಂದು ಪತ್ರದಲ್ಲಿ ಎಚ್ಚರಿಸಿದರು. ಅವರು ಹೇಳಿದ ದಾರಿ ನನಗೆ ತುಂಬ ಹಿಡಿಸಿತು: ಅದೇ ಲಿಪಿಕಾರ ಅಂಚಿನಲ್ಲಿ ಬರೆದ ಗರಿಸಂಖ್ಯೆಗಳನ್ನು ನೋಡಬೇಕು. 9, 19, 29, 39ನೆಯ ಗರಿಗಳಲ್ಲಿ ಅವನು ೯ನ್ನು ಬರೆದೇ ಇರುತ್ತಾನೆ, ಅಲ್ಲಿ ಅದು ಅಂಕಿಯಲ್ಲದೆ ಬೇರೇನೂ ಆಗಲಾರದು. ನಾಲ್ಕರ ಫೋಟೋ ತೆಗೆದೆ. 19ನೆಯ ಗರಿಯ ಅಂಚು ಹುಳು ತಿಂದು ಹೋಗಿತ್ತು. ಉಳಿದ ಮೂರರಲ್ಲಿ ೯ರ ತಲೆಯ ಸುರುಳಿ ಪೂರ್ತಿ ಮುಚ್ಚಿಕೊಂಡಿದ್ದು, ಬಾಲ ಸಾಲಿಗಿಂತ ಕೆಳಗೆ ಇಳಿದಿದೆ. ಪ್ರಸಂಗದ ಒಳಗಿನ ‘ಅರ್ಜುನ’, ‘ಕರ್ಣ’ಗಳಲ್ಲಿ ಅರ್ಕಾವೊತ್ತಿನ ಸುರುಳಿ ತೆರೆದಿದೆ, ಬಾಲ ಸಾಲಿನೊಳಗೇ ನಿಲ್ಲುತ್ತದೆ. ಕೊನೆಯ ಸಾಲಿನ ಗುರುತಿನ ಸುರುಳಿ ಮುಚ್ಚಿದೆ, ಬಾಲ ಇಳಿದಿದೆ. ಆದ್ದರಿಂದ ‘ಬಹುಳ ನವಮಿಯಲು’ ಎಂಬ ಓದನ್ನು ನಾನು ಒಪ್ಪಿದ್ದೇನೆ.

ಬಾಲ ಇಳಿದಿರುವುದು ನನ್ನ ಮೊದಲ ಫೋಟೋದಲ್ಲಿ ಕಾಣಿಸಿರಲೇ ಇಲ್ಲ. ಗರಿಯಲ್ಲಿ ಅಕ್ಷರ ಎಂದರೆ ಕಬ್ಬಿಣದ ಕಂಟದಿಂದ ಕೊರೆದ ಗೀರು. ಅದಕ್ಕೆ ತುಂಬಿದ ಮಸಿ ಹೋದ ಕಡೆ ಬಣ್ಣವಿಲ್ಲದ ಗೀರು ಮಾತ್ರ ಉಳಿಯುತ್ತದೆ. ಮೊಬೈಲಿನ ಫ್ಲ್ಯಾಷ್ ನೇರವಾಗಿ ಬಿದ್ದಾಗ ಆ ಗೀರಿನಲ್ಲಿ ನೆರಳೇ ಹುಟ್ಟಲಿಲ್ಲ. ಫ್ಲ್ಯಾಷ್ ಆರಿಸಿ, ಕೋಣೆಯ ಕಿಟಕಿ ಮುಚ್ಚಿ, ಟಾರ್ಚನ್ನು ಗರಿಯ ಮಟ್ಟಕ್ಕೆ ಹತ್ತಿರವಾಗಿ ಓರೆಯಲ್ಲಿ ಹಿಡಿದಾಗ ಗೀರುಗಳು ಎದ್ದುಬಂದವು. ಒಂದೇ ದಿಕ್ಕಿನ ಬೆಳಕು ಸಾಲದು: ಎಡಗಡೆಯಿಂದ ಬೆಳಕು ಹಿಡಿದರೆ ಅಡ್ಡಗೀರುಗಳು ಬೆಳಕಿಗೆ ಸಮಾನಾಂತರವಾಗಿ ಮಲಗಿ ಮರೆಯಾಗುತ್ತವೆ, ಮೇಲ್ಗಡೆಯಿಂದ ಹಿಡಿದರೆ ಉದ್ದಗೀರುಗಳು. ಹಾಗಾಗಿ ಒಂದೊಂದು ಜಾಗಕ್ಕೆ ಎರಡು ಫೋಟೋ ಬೇಕಾಯಿತು. ಮಸಿ ತುಂಬಿದರೆ ಸುಲಭವಲ್ಲವೇ ಎಂದು ಒಬ್ಬರು ಕೇಳಿದ್ದರು. ಗರಿ ಮುರಿಯುವ ಸ್ಥಿತಿಯಲ್ಲಿರುವಾಗ ಅದನ್ನು ಉಜ್ಜುವ ಧೈರ್ಯ ನನಗಿಲ್ಲ. ಆ ಕೆಲಸ ಬಲ್ಲವರ ಕೈಯಲ್ಲೇ ಆಗಬೇಕು.

ಬಂಟ್ವಾಳದ ಸದಸ್ಯರೊಬ್ಬರು ತಮ್ಮ ಮನೆಯ ಗೇಣಿ ಲೆಕ್ಕದಲ್ಲಿ ‘ಮು೯’ ಎಂದಿರುವುದನ್ನು ತಾವು ಇಷ್ಟು ದಿನ ‘ರ್ಮು’ ಎಂದು ಓದುತ್ತಿದ್ದುದಾಗಿಯೂ ಅದೂ ತಿಥಿಯೇ ಇರಬಹುದೆಂದೂ ಬರೆದಿದ್ದಾರೆ. ಗೇಣಿ ಲೆಕ್ಕವಾದ್ದರಿಂದ ಅದು ತಿಥಿಗಿಂತ ‘ಮುಡಿ ಒಂಬತ್ತು’ ಆಗಿರುವುದೇ ಹೆಚ್ಚು ಸಂಭವನೀಯ. ಮುಡಿಗೆ 42 ಸೇರಿನ ಲೆಕ್ಕ ನಮ್ಮಲ್ಲಿ ಇನ್ನೂ ಹಿರಿಯರ ಬಾಯಲ್ಲಿದೆ. ಅವರು ಅದೇ ಹಾಳೆಯ ಬೇರೆ ಸಾಲುಗಳಲ್ಲಿ ‘ಮು’ ಆದ ಮೇಲೆ ಬೇರೆ ಅಂಕಿಗಳಿವೆಯೇ ಎಂದು ನೋಡಲಿ. ಇದ್ದರೆ ಅದು ಅರ್ಕಾವೊತ್ತಲ್ಲ, ಅಂಕಿಯೇ ಎಂಬುದು ಗಟ್ಟಿಯಾಗುತ್ತದೆ.

ಇನ್ನು ಉಳಿದದ್ದು ಎರಡು. ವರ್ಷ ಯಾವುದು ಎಂಬುದು ಮೊದಲನೆಯದು. ಶಕವರ್ಷ ಕೊಟ್ಟಿಲ್ಲ, ಶೋಭಕೃತು ಸಂವತ್ಸರ 60 ವರ್ಷಕ್ಕೊಮ್ಮೆ ಬರುವುದರಿಂದ 1783, 1843, 1903 ಮೂರೂ ಸಾಧ್ಯ. ವಾರದ ಹೆಸರು ಸಿಕ್ಕಿದ್ದರೆ ಆಯಾ ವರ್ಷದ ಕಾರ್ತಿಕ ಬಹುಳ ನವಮಿ ಯಾವ ವಾರ ಬಿತ್ತೆಂದು ಪಂಚಾಂಗದ ಗಣಿತ ಮಾಡಿ ಕೆಲವನ್ನು ಬಿಟ್ಟುಬಿಡಬಹುದಿತ್ತು. ಅದು ಇದ್ದ ಜಾಗವೇ ಮುರಿದಿದೆ.

ಎರಡನೆಯದು ನಿಜವಾದ ಪದಪ್ರಶ್ನೆ: ‘ಬರದಕೊಟದ’. ಇದನ್ನು ‘ಬರದ ಕೋಟದ’ ಎಂದು ಬಿಡಿಸಿದರೆ, ಬರೆದವನು ಕೋಟದವನು, ಅವನ ಹೆಸರು ಮುರಿದ ತುದಿಯಲ್ಲಿ ಹೋಗಿದೆ ಎಂದಾಗುತ್ತದೆ. ಕಾರ್ಕಳದವರು ಇದನ್ನೇ ಒಪ್ಪುತ್ತಾರೆ. ಹಿರಿಯರು ಹಾಗಲ್ಲ, ಎರಡು ‘ದ’ಗಳಿಗೂ ಇದ್ದ ಕೊಂಬು ಮಾಸಿಹೋಗಿ, ಟ-ಒತ್ತು ಬಿಟ್ಟುಹೋಗಿ, ಇದು ‘ಬರದು ಕೊಟ್ಟದು’ ಆಗಿರಬೇಕು ಎನ್ನುತ್ತಾರೆ. ದೀರ್ಘದ ಗುರುತಿಲ್ಲದ ಬರಹದಲ್ಲಿ ‘ಕೊ’ ಎರಡಕ್ಕೂ ಒಂದೇ. ನಾನು ಒಳಗಿನ ಗರಿಗಳಲ್ಲಿ ‘ಕೊಟ್ಟ’ ಎಂಬ ರೂಪ ಹುಡುಕಿದೆ: ಐದು ಕಡೆ ಸಿಕ್ಕಿತು, ನಾಲ್ಕರಲ್ಲಿ ಒತ್ತು ಸ್ಪಷ್ಟವಾಗಿದೆ, ಒಂದರಲ್ಲಿ ಇಲ್ಲ. ಹಾಗಾಗಿ ಒತ್ತು ಬಿಡುವುದು ಇವನ ರೂಢಿಯಲ್ಲ, ಆದರೆ ಒಮ್ಮೊಮ್ಮೆ ಕೈತಪ್ಪುವುದುಂಟು. ನನ್ನ ಮನಸ್ಸು ಕೋಟದ ಕಡೆಗೇ ವಾಲುತ್ತಿದೆ. ಹಿರಿಯರ ಅನುಭವದ ಎದುರು ಅದನ್ನು ನಿಶ್ಚಯವೆನ್ನಲಾರೆ.

ಓರೆ ಬೆಳಕಿನ ಎರಡು ಫೋಟೋಗಳನ್ನು ಇದರೊಂದಿಗೆ ಇಟ್ಟಿದ್ದೇನೆ. ಮೊದಲ ‘ದ’ದ ಬಲಕ್ಕೆ ಮೇಲ್ಬೆಳಕಿನ ಚಿತ್ರದಲ್ಲಿ ಮಾತ್ರ ಕಾಣುವ ಚಿಕ್ಕ ಗೀರೊಂದಿದೆ. ಅದು ಕೊಂಬಿನ ಉಳಿಕೆಯೋ, ಗರಿಯ ನಾರು ಸೀಳಿದ್ದೋ, ಕಣ್ಣು ಪಳಗಿದವರು ನೋಡಿ ಹೇಳಬೇಕೆಂದು ಕೇಳಿಕೊಳ್ಳುತ್ತೇನೆ.