ಪದಚರ್ಚೆ: ನೆಗಡಿಯ ಭಿತ್ತಿಪತ್ರದಲ್ಲಿ ‘ರೋಗಾಣು’ ಎನ್ನಬಹುದೇ?

ಅನುವಾದಕಿ, ಶಿವಮೊಗ್ಗ:

ಮಾನ್ಯರೇ, ಔಷಧದ ಅಂಗಡಿಗಳಲ್ಲಿ ಅಂಟಿಸಲಿರುವ ಒಂದು ಭಿತ್ತಿಪತ್ರದ ಕರಡನ್ನು ತಿದ್ದುತ್ತಿದ್ದೇನೆ. ಅದರಲ್ಲಿ ‘ಆ್ಯಂಟಿಬಯೋಟಿಕ್ ಮಾತ್ರೆಗಳು ರೋಗಾಣುಗಳನ್ನು ಕೊಲ್ಲುತ್ತವೆ, ಆದರೆ ನೆಗಡಿಯ ರೋಗಾಣುಗಳನ್ನು ಕೊಲ್ಲಲಾರವು’ ಎಂಬ ವಾಕ್ಯವಿದೆ. ಇದನ್ನು ಓದಿದವರು, ನೆಗಡಿಯ ರೋಗಾಣು ಬಲು ಗಟ್ಟಿ, ಅದಕ್ಕೆ ಇನ್ನೂ ಜೋರಾದ ಮಾತ್ರೆ ಬೇಕು ಎಂದು ತಿಳಿಯಬಹುದೆಂಬ ಅಳುಕು ನನ್ನದು. ‘ರೋಗಾಣು’ವನ್ನು ಬಿಟ್ಟು ಬ್ಯಾಕ್ಟೀರಿಯಾಕ್ಕೆ ‘ಏಕಾಣುಜೀವಿ’, ನೆಗಡಿಯ ವೈರಸ್ಸಿಗೆ ‘ವೈರಾಣು’ ಎಂದು ಬೇರೆಬೇರೆ ಪದಗಳನ್ನು ಬಳಸುವುದು ಸರಿಯೇ?

ನಿವೃತ್ತ ವಿಜ್ಞಾನ ಶಿಕ್ಷಕರು, ಧಾರವಾಡ:

ಬೇರೆ ಪದಗಳು ಬೇಕೇ ಬೇಕು. ‘ರೋಗಾಣು’ ಎರಡನ್ನೂ ಒಂದೇ ಚೀಲಕ್ಕೆ ತುಂಬುತ್ತದೆ. ನೆಗಡಿಗೆ ಎಲ್ಲಕ್ಕಿಂತ ಹೆಚ್ಚಾಗಿ ಕಾರಣವಾಗುವ ರೈನೋವೈರಸ್ಸಿನ ಅಡ್ಡಳತೆ ಸುಮಾರು 30 ನ್ಯಾನೋಮೀಟರ್. ಗಂಟಲುನೋವು ತರುವ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾ ಅದರ ಸುಮಾರು ಮೂವತ್ತು ಪಟ್ಟು ದೊಡ್ಡದು. ಅಷ್ಟು ಚಿಕ್ಕದಾದ ವೈರಸ್ ನಮ್ಮ ಜೀವಕೋಶದೊಳಗೆ ಹೊಕ್ಕು ಅಡಗುವುದರಿಂದ ಮಾತ್ರೆ ಅದನ್ನು ಮುಟ್ಟಲಾರದು.

ಸೂಕ್ಷ್ಮಜೀವಿ ವಿಜ್ಞಾನದ ಅಧ್ಯಾಪಕಿ, ಮಂಗಳೂರು:

ಗಾತ್ರದ ಮಾತು ನಿಜ. ಆದರೆ ಅದನ್ನು ಕಾರಣವೆಂದು ಒಪ್ಪಲಾರೆ. ವಿಷಮಶೀತ ಜ್ವರದ, ಎಂದರೆ ಟೈಫಾಯ್ಡಿನ, ಬ್ಯಾಕ್ಟೀರಿಯಾ ಕೂಡ ನಮ್ಮ ಜೀವಕೋಶಗಳೊಳಗೆ ಅಡಗಿ ಬಾಳುತ್ತದೆ. ಅಜಿಥ್ರೋಮೈಸಿನ್ ಅಲ್ಲಿಗೂ ಹೋಗಿ ಅದನ್ನು ಮಣಿಸುತ್ತದೆ. ಅಡಗಿರುವುದೇ ಅಡ್ಡಿಯಾಗಿದ್ದರೆ ಟೈಫಾಯ್ಡಿಗೆ ಆ ಔಷಧ ನಾಟುತ್ತಿರಲಿಲ್ಲ.

ಪ್ರಶ್ನೆಯಿರುವುದು, ಮಾತ್ರೆ ಹಿಡಿಯುವುದಾದರೂ ಯಾವುದನ್ನು ಎಂಬುದರಲ್ಲಿ. ಬ್ಯಾಕ್ಟೀರಿಯಾ ತಾನಾಗಿಯೇ ಉಂಡು, ಬೆಳೆದು, ಇಬ್ಭಾಗವಾಗುವ ಜೀವಿ. ಬೆಳೆಯುವಾಗ ಅದು ತನ್ನ ಸುತ್ತಲಿನ ಗೋಡೆಯನ್ನು ಬಿಚ್ಚಿ ಮತ್ತೆ ಹೆಣೆಯುತ್ತಿರಬೇಕು. ಅಮಾಕ್ಸಿಸಿಲಿನ್ ಆ ಹೆಣಿಗೆಯ ಕಿಣ್ವಕ್ಕೆ ಅಂಟಿಕೊಂಡು ಕೆಲಸ ಕೆಡಿಸುತ್ತದೆ. ಗೋಡೆ ಸಡಿಲಗೊಂಡು, ಒಳಗಿನ ಒತ್ತಡಕ್ಕೆ ಬ್ಯಾಕ್ಟೀರಿಯಾ ಒಡೆದುಹೋಗುತ್ತದೆ. ನಮ್ಮ ಜೀವಕೋಶಗಳಿಗೆ ಆ ಬಗೆಯ ಗೋಡೆಯಿಲ್ಲವಾದ್ದರಿಂದ ನಾವು ಉಳಿಯುತ್ತೇವೆ. ವೈರಸ್ಸಿಗೂ ಅದಿಲ್ಲ.

ಅಜಿಥ್ರೋಮೈಸಿನ್ ಹಿಡಿಯುವುದು ಬ್ಯಾಕ್ಟೀರಿಯಾದ ರೈಬೊಸೋಮನ್ನು, ಎಂದರೆ ಪ್ರೋಟೀನು ಕಟ್ಟುವ ಅದರ ಯಂತ್ರವನ್ನು. ನಮ್ಮ ರೈಬೊಸೋಮಿನ ರಚನೆ ಬೇರೆಯಾದ್ದರಿಂದ ಔಷಧ ಅದರ ಗೊಡವೆಗೆ ಹೋಗುವುದಿಲ್ಲ. ರೈನೋವೈರಸ್ಸಿಗೆ ಸ್ವಂತ ರೈಬೊಸೋಮೇ ಇಲ್ಲ. ಅದು ಪ್ರೋಟೀನಿನ ಹೊದಿಕೆಯೊಳಗಿನ ಒಂದು ಎಳೆ ಆರ್‌ಎನ್‌ಎ ಅಷ್ಟೇ, ಮೂಗಿನ ಒಳಪದರದ ಜೀವಕೋಶವನ್ನು ಹೊಕ್ಕು ನಮ್ಮ ಯಂತ್ರದಿಂದಲೇ ತನ್ನ ಪ್ರತಿಗಳನ್ನು ಮಾಡಿಸಿಕೊಳ್ಳುತ್ತದೆ. ನಮಗೆ ಹಾನಿ ಮಾಡದಂತೆ ಆರಿಸಿದ ಔಷಧ, ಅದೇ ಕಾರಣಕ್ಕೆ, ನಮ್ಮ ಯಂತ್ರದಿಂದ ದುಡಿಸಿಕೊಳ್ಳುವ ವೈರಸ್ಸನ್ನೂ ಬಿಟ್ಟುಬಿಡುತ್ತದೆ. ಆದ್ದರಿಂದ ‘ಕೊಲ್ಲಲಾರವು’ ಎಂಬ ಕ್ರಿಯಾಪದವೇ ಅಲ್ಲಿ ತಪ್ಪು ದಾರಿ ತೋರಿಸುತ್ತದೆ. ಹಿಡಿಯಲು ಏನೂ ಇಲ್ಲದ ಕಡೆ ಪ್ರಮಾಣವನ್ನು ಎಷ್ಟು ಏರಿಸಿದರೂ ಫಲವಿಲ್ಲ.

ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ:

ಫಲವಿಲ್ಲ ಎಂಬ ಮಾತು ಬಂದಿದ್ದರಿಂದ ಹೇಳುತ್ತಿದ್ದೇನೆ. ನನ್ನ ಮಗಳಿಗೆ ನೆಗಡಿಯಾದ ನಾಲ್ಕನೆಯ ದಿನ ಸಿಂಬಳ ಹಸಿರಾಯಿತು. ಮೂರು ದಿನದ ಅಜಿಥ್ರೋಮೈಸಿನ್ ಕೊಟ್ಟೆವು, ವಾರದೊಳಗೆ ಆಡಿಕೊಂಡಿದ್ದಳು. ಹಸಿರಾದ ಮೇಲಾದರೂ ಬ್ಯಾಕ್ಟೀರಿಯಾ ಸೇರಿಕೊಂಡಿರಲೇಬೇಕಲ್ಲವೇ?

ಅಧ್ಯಾಪಕಿ, ಮಂಗಳೂರು:

ಸೇರಿರಲೇಬೇಕೆಂದಿಲ್ಲ. ಮೂಗಿಗೆ ಧಾವಿಸುವ ನಮ್ಮದೇ ಬಿಳಿ ರಕ್ತಕಣಗಳಲ್ಲಿ ಕಬ್ಬಿಣದಂಶವುಳ್ಳ ಹಸಿರು ಕಿಣ್ವವೊಂದಿದೆ. ಸಿಂಬಳದ ಬಣ್ಣ ಅದರದು, ವೈರಸ್ಸಿನ ನೆಗಡಿಯಲ್ಲೂ ಅದು ಕಾಣುತ್ತದೆ. ನೆಗಡಿ ಸಾಮಾನ್ಯವಾಗಿ ಏಳರಿಂದ ಹತ್ತು ದಿನಗಳಲ್ಲಿ ಇಳಿಯುತ್ತದೆ. ನಾಲ್ಕನೆಯ ದಿನ ಶುರುಮಾಡಿದ ಮೂರು ದಿನದ ಮಾತ್ರೆ ಮುಗಿಯುವ ಹೊತ್ತಿಗೆ ಅದು ಹೇಗಿದ್ದರೂ ಇಳಿಯತೊಡಗಿರುತ್ತದೆ. ಕೀರ್ತಿ ಮಾತ್ರೆಗೆ ಸಲ್ಲುತ್ತದೆ. ಆ ಮೂರು ದಿನ ಮಾತ್ರೆ ಸುಮ್ಮನಿರುವುದಿಲ್ಲ ಎಂಬುದೇ ನನಗೆ ಕಳವಳ: ಮಗುವಿನ ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳ ಪೈಕಿ ಔಷಧಕ್ಕೆ ಬಗ್ಗದವು ಉಳಿದು ಹೆಚ್ಚುತ್ತವೆ. ಬಣ್ಣಕ್ಕಿಂತ ಕಾಲವನ್ನು ಗಮನಿಸಿ. ಹತ್ತು ದಿನ ಕಳೆದರೂ ತಗ್ಗದಿದ್ದರೆ, ಅಥವಾ ತಗ್ಗಿದ ಮೇಲೆ ಮತ್ತೆ ಜ್ವರವೇರಿದರೆ, ಆಗ ಬ್ಯಾಕ್ಟೀರಿಯಾದ ಶಂಕೆ ಬರುತ್ತದೆ, ವೈದ್ಯರಿಗೆ ತೋರಿಸಬೇಕು. ಕೆಮ್ಮಿಲ್ಲದೆ ಗಂಟಲುನೋವು, ಜ್ವರ, ಟಾನ್ಸಿಲ್ ಮೇಲೆ ಕೀವು ಕಂಡರೂ ಅಷ್ಟೇ.

ಅನುವಾದಕಿ, ಶಿವಮೊಗ್ಗ:

ಹಾಗಾದರೆ ಹೀಗೆ ಬರೆಯಬಹುದೇ: ‘ನೆಗಡಿ ವೈರಸ್ಸಿನಿಂದ ಬರುತ್ತದೆ. ಆ್ಯಂಟಿಬಯೋಟಿಕ್ ಮಾತ್ರೆ ಹಿಡಿಯುವುದು ಬ್ಯಾಕ್ಟೀರಿಯಾದ ಭಾಗಗಳನ್ನು; ಆ ಭಾಗಗಳು ವೈರಸ್ಸಿನಲ್ಲಿ ಇಲ್ಲ.’ ‘ಏಕಾಣುಜೀವಿ’ಯನ್ನು ಕೈಬಿಟ್ಟಿದ್ದೇನೆ.

ಶಿಕ್ಷಕರು, ಧಾರವಾಡ:

ಟೈಫಾಯ್ಡಿನ ಉದಾಹರಣೆಯನ್ನು ಒಪ್ಪಿದೆ. ಆದರೆ ‘ಏಕಾಣುಜೀವಿ’ಯನ್ನು ಬಿಡುವುದಕ್ಕೆ ನನ್ನ ಸಮ್ಮತಿಯಿಲ್ಲ. ಅದರಲ್ಲಿ ‘ಜೀವಿ’ ಎಂಬುದಿದೆ, ‘ವೈರಾಣು’ವಿನಲ್ಲಿ ಇಲ್ಲ, ನೀವು ವಿವರಿಸಿದ ವ್ಯತ್ಯಾಸವನ್ನು ಈ ಜೋಡಿ ಆಗಲೇ ಹೇಳುತ್ತಿದೆ.

ಅಧ್ಯಾಪಕಿ, ಮಂಗಳೂರು:

ಜೋಡಿ ಚೆನ್ನಾಗಿದೆ, ತರಗತಿಗೆ ಒಪ್ಪುತ್ತದೆ. ಅಂಗಡಿಯ ಮುಂದೆ ನಿಂತವರು ‘ವೈರಲ್ ಜ್ವರ’ ಎನ್ನುತ್ತಾರೆ, ‘ಏಕಾಣುಜೀವಿ’ ಎಂದವರನ್ನು ನಾನು ಕಂಡಿಲ್ಲ. ಎರಡು ಬಗೆಯ ಕರಡನ್ನೂ ನಾಲ್ಕು ಜನ ಗಿರಾಕಿಗಳಿಗೆ ಓದಿಸಿ, ಅವರಿಗೆ ಏನು ಅರ್ಥವಾಯಿತೆಂದು ಕೇಳಿ ತಿಳಿಸುವಿರಾ?