ಪದಚರ್ಚೆ: ‘ನಿರೀಕ್ಷಿತ ಎಣಿಕೆ’ ಅಂದ್ರೆ ಯಾರ ನಿರೀಕ್ಷೆ?

ಕಾರವಾರದಿಂದ ಪ್ರಶ್ನೆ

ಎಲ್ರಿಗೂ ನಮಸ್ಕಾರ. ಅಕ್ಕನ ಮಗಳ ಡಿಗ್ರಿ ಪ್ರಾಜೆಕ್ಟಿನ ಕನ್ನಡ ತಿದ್ದಿಕೊಡ್ತಾ ಇದ್ದೇನೆ, ವಿಷಯ ಅಡಿಕೆ ಕೊಳೆರೋಗ ಮತ್ತೆ ಬೋರ್ಡೋ ಮದ್ದು ಹೊಡೆಯೋದು, ಲೆಕ್ಕ ಎರಡಕ್ಕೂ ನಂಟಿದ್ಯಾ ಅಂತ ನೋಡೋ ಕೈ-ಸ್ಕ್ವೇರ್ ಪರೀಕ್ಷೆಯದ್ದು. ಕೆಳಗಿನ ಅಂಕಿ ಸರ್ವೆಯದ್ದಲ್ಲ, ವಿಧಾನ ತೋರಿಸೋಕೆ ಅವಳೇ ಕಟ್ಟಿದ್ದು, ಒಟ್ಟು 100 ತೋಟ:

```
ಮದ್ದು        ಕೊಳೆ ಬಂತು   ಬರಲಿಲ್ಲ   ಒಟ್ಟು
ಹೊಡೆದಿಲ್ಲ        12          8       20
ಒಂದು ಸಲ        12         28       40
ಎರಡು ಸಲ         6         34       40
ಒಟ್ಟು           30         70      100
```

ಹೊಡೆಯದ ತೋಟಗಳಲ್ಲಿ ಕೊಳೆಯ ‘ನಿರೀಕ್ಷಿತ ಎಣಿಕೆ 6’ ಅಂತ ಬರೆದಿದ್ದಾಳೆ. ಮದ್ದೇ ಹೊಡೆಯದಿದ್ರೆ ಜಾಸ್ತಿ ಕೊಳೆ ಬರ್ತದೆ ಅಂತ ತಾನೇ ಯಾರಾದ್ರೂ ನಿರೀಕ್ಷೆ ಮಾಡೋದು, ಈ 6 ಯಾರ ನಿರೀಕ್ಷೆ? ಇನ್ನೊಂದು, ‘ಸ್ವಾತಂತ್ರ್ಯದ ಪರೀಕ್ಷೆ’, ‘ಸ್ವಾತಂತ್ರ್ಯದ ಮಟ್ಟ 2’ ಅಂತ ಒಂದೇ ಪುಟದಲ್ಲಿ ಎರಡು ಸ್ವಾತಂತ್ರ್ಯ ಬಂದಿದೆ, ಎರಡೂ ಒಂದೇನಾ?

ಕುಮಟಾದಿಂದ

ನಿರೀಕ್ಷಿತ ಅಂದ್ರೆ ಸರಾಸರಿ ಅಷ್ಟೇ, 100 ತೋಟವನ್ನ ಕೋಷ್ಟಕದ 6 ಮನೆಗೆ ಸಮ ಹಂಚಿದ್ರೆ ಎಷ್ಟು ಬರ್ತದೋ ಅದು. ಮಟ್ಟ ಅಂದ್ರೆ ಮನೆಗಳ ಲೆಕ್ಕದಿಂದ ಒಂದು ಕಳೆಯೋದು, 6ರಲ್ಲಿ 1 ಹೋದ್ರೆ 5 ಆಗ್ಬೇಕು, 2 ಅಂತ ಬರೆದದ್ದು ತಪ್ಪು. ನಾವು ದಾಳ ಎಸೆದು ಲೆಕ್ಕ ಮಾಡುವಾಗ ಹಾಗೇ ಕಲಿತದ್ದು.

ಶಿರಸಿಯಿಂದ

ಕುಮಟಾದವ್ರು ಹೇಳಿದ್ದು ದಾಳಕ್ಕೆ ಪೂರ್ತಿ ಸರಿ, ಈ ಕೋಷ್ಟಕಕ್ಕೆ ಅಲ್ಲ. ದಾಳದಲ್ಲಿ ಆರು ಮುಖಕ್ಕೂ ಸಮಪಾಲು ಅಂತ ಮೊದಲೇ ಗೊತ್ತು. ಇಲ್ಲಿ ಯಾವ ಪಾಲೂ ಮೊದಲೇ ಗೊತ್ತಿಲ್ಲ, ಅಂಚಿನ ಒಟ್ಟುಗಳಿಂದಲೇ ತಗೊಳ್ಬೇಕು. 100ರಲ್ಲಿ 30 ತೋಟಕ್ಕೆ ಕೊಳೆ ಬಂದಿದೆ, ಮದ್ದಿಗೂ ಕೊಳೆಗೂ ಏನೂ ನಂಟಿಲ್ಲ ಅಂತ ಇಟ್ಕೊಂಡ್ರೆ ಹೊಡೆಯದ 20 ತೋಟದಲ್ಲೂ ಅದೇ ಪ್ರಮಾಣ ಬರ್ಬೇಕು, 20×30÷100, ಅಂದ್ರೆ 6. ಹಾಗಾಗಿ ಇದು ರೈತರ ನಿರೀಕ್ಷೆಯೂ ಅಲ್ಲ, ಹುಡುಗಿಯದ್ದೂ ಅಲ್ಲ, ‘ನಂಟಿಲ್ಲ’ ಅನ್ನೋ ಊಹೆಯದ್ದು. ಉಳಿದ ಎರಡು ಸಾಲಿಗೆ ಕೊಳೆಯಲ್ಲಿ 12, 12 ಬರ್ತದೆ, ಬರದೇ ಇದ್ದದ್ರಲ್ಲಿ 14, 28, 28. ನಾನಾದ್ರೆ ‘ನಂಟಿಲ್ಲದಿದ್ದರೆ ಬರುವ ಎಣಿಕೆ’ ಅಂತಲೇ ಬರೀತೇನೆ, ಉದ್ದ ಆದ್ರೂ ಅಡ್ಡಿಲ್ಲ, ಓದೋರಿಗೆ ನೀವು ಕೇಳಿದ ಪ್ರಶ್ನೆ ಏಳೋದೇ ಇಲ್ಲ.

ಆಮೇಲೆ ಪ್ರತಿ ಮನೆಯಲ್ಲೂ ವ್ಯತ್ಯಾಸದ ವರ್ಗ ಮಾಡಿ ಆ ನಿರೀಕ್ಷಿತ ಎಣಿಕೆಯಿಂದ ಭಾಗಿಸೋದು. ಮೊದಲ ಮನೆಯಲ್ಲಿ 12 ಬಂದಿದೆ, 6 ಬರ್ಬೇಕಿತ್ತು, 36÷6 ಅಂದ್ರೆ 6. ಎಲ್ಲಾ ಕೂಡಿದ್ರೆ ಸುಮಾರು 12.86 ಆಗ್ತದೆ, ಅದ್ರಲ್ಲಿ 8.57 ಹೊಡೆಯದ ಸಾಲೊಂದರಿಂದಲೇ ಬಂದದ್ದು, ಒಂದೇ ಸಲ ಹೊಡೆದವರ ಸಾಲಿನಿಂದ ಸೊನ್ನೆ. ಇದನ್ನ ರಿಪೋರ್ಟಲ್ಲಿ ಹೇಳಲೇಬೇಕು, ಬರೀ ಒಟ್ಟು ಹೇಳಿದ್ರೆ ವ್ಯತ್ಯಾಸ ಎಲ್ಲಿ ಕೂತಿದೆ ಅಂತ ಗೊತ್ತಾಗೋದಿಲ್ಲ.

ಸ್ವಾತಂತ್ರ್ಯ ಎರಡೂ ಬೇರೆ ಬೇರೆ. ಮೊದಲನೇದು ಮದ್ದಿಗೂ ಕೊಳೆಗೂ ನಂಟಿಲ್ಲದಿರೋದು. ಎರಡನೇದು, ಅಂಚಿನ ಒಟ್ಟುಗಳನ್ನ ಮುಟ್ಟದೆ ಎಷ್ಟು ಮನೆಗೆ ನಮ್ಮಿಷ್ಟದ ಅಂಕಿ ತುಂಬ್ಬಹುದು ಅನ್ನೋದು. ಪೆನ್ಸಿಲ್ ತಗೊಂಡು ನೋಡಿ, ಕೊಳೆಯ ಮೊದಲ ಎರಡು ಮನೆ ತುಂಬಿದ್ರೆ ಉಳಿದ ನಾಲ್ಕೂ ತಾವೇ ನಿಕ್ಕಿ ಆಗ್ತವೆ, (3-1)×(2-1)=2. ಹುಡುಗಿ ಸರಿಯಾಗೇ ಬರೆದಿದ್ದಾಳೆ. 5 ಅನ್ನೋದು ಸಣ್ಣ ಎಡವಟ್ಟು ಅಂತ ತಿಳ್ಕೊಳ್ಬೇಡಿ, 1900ರಲ್ಲಿ ಈ ಪರೀಕ್ಷೆ ಕೊಟ್ಟ ಕಾರ್ಲ್ ಪಿಯರ್ಸನ್ನರೇ ಇಂಥ ಕೋಷ್ಟಕಕ್ಕೆ ಹಾಗೆ ಎಣಿಸ್ತಿದ್ರು, 1922ರಲ್ಲಿ ಸಂಖ್ಯಾಶಾಸ್ತ್ರಜ್ಞ ಫಿಶರ್ ತಿದ್ದಿದ್ದು. ಫಲಿತಾಂಶ ಬದಲಾಗ್ತದೆ ಕೂಡ, ಶೇಕಡಾ 5ರ ಗಡಿ, ಅಂದ್ರೆ ನಂಟಿಲ್ಲದಿದ್ರೂ ಆಕಸ್ಮಿಕವಾಗಿ ಮೊತ್ತ ನೂರಕ್ಕೆ ಐದು ಸಲ ಮಾತ್ರ ದಾಟೋ ಅಂಕಿ, ಮಟ್ಟ 2ಕ್ಕೆ 5.99, ಮಟ್ಟ 5ಕ್ಕೆ 11.07. ಇಲ್ಲಿ 12.86 ಎರಡನ್ನೂ ದಾಟಿದೆ, ಆದ್ರೆ ಮೊತ್ತ 8 ಬಂದಿದ್ರೆ ಮಟ್ಟ 5 ಹಿಡಿದು ನಂಟು ಇದ್ದಂತೆ ಕಂಡದ್ದನ್ನ ತಳ್ಳಿಹಾಕಿಬಿಡ್ತಿದ್ವಿ.

ಅಂಕೋಲಾದಿಂದ

ನಂದೂ ಇಂಥದ್ದೇ ಒಂದಿದೆ. 60 ಮನೆಯಲ್ಲಿ ಯಾವ ಮೀನು ಇಷ್ಟ ಅಂತ ಕೇಳಿದ್ದೆ, ಬಂಗಡೆ, ತಾರ್ಲೆ, ಸಿಗಡಿ, ಸುಮಾರು ಜನ ಎರಡು ಮೂರು ಹೇಳಿದ್ರು, ಉತ್ತರಗಳ ಒಟ್ಟು 100 ದಾಟ್ತು. ಶೇಕಡಾ ಮಾಡ್ಕೊಂಡು ಕೈ-ಸ್ಕ್ವೇರ್ ಹಾಕಿದ್ರೆ ಆಗ್ತದಾ ಮಾಸ್ತರ್ರೇ?

ಶಿರಸಿಯಿಂದ

ಶೇಕಡಾ ಹಾಕ್ಬೇಡಿ ತಂಗಿ, ಎಣಿಕೆಯೇ ಬೇಕು. 60 ಮನೆಯನ್ನ 100 ಅಂತ ಮಾಡಿದ್ರೆ ಇಲ್ಲದ 40 ಮನೆಯ ಸಾಕ್ಷಿ ಸೇರಿಸಿದ ಹಾಗೆ, ಮೊತ್ತ ಸುಮ್ಮನೆ ಉಬ್ಬುತ್ತದೆ. ಅದಕ್ಕಿಂತ ದೊಡ್ಡದು, ಒಂದು ಮನೆ ಕೋಷ್ಟಕದ ಒಂದೇ ಮನೆಯಲ್ಲಿ ಕೂರ್ಬೇಕು, ನಿಮ್ಮದ್ರಲ್ಲಿ ಒಬ್ಬರೇ ಎರಡು ಮೂರು ಕಡೆ ಕೂತಿದ್ದಾರೆ. ಬಂಗಡೆ ಹೇಳಿದ್ರು, ಹೇಳ್ಲಿಲ್ಲ ಅಂತ ಮೀನಿಗೊಂದು ಕೋಷ್ಟಕ ಮಾಡಿ, ಆಮೇಲೆ ನಿರೀಕ್ಷಿತ ಎಣಿಕೆ ಎಲ್ಲಾದ್ರೂ 5ಕ್ಕಿಂತ ಕಡಿಮೆ ಇದ್ಯಾ ನೋಡಿ, ಇದ್ರೆ ಈ ಗಡಿ ಅಂಕಿ ಅಷ್ಟು ನಂಬೋಕಾಗೋದಿಲ್ಲ.

ಕಾರವಾರದಿಂದ

ತುಂಬಾ ಉಪಕಾರ ಆಯ್ತು. ‘ನಂಟಿನ ಪರೀಕ್ಷೆ’, ‘ನಂಟಿಲ್ಲದಿದ್ದರೆ ಬರುವ ಎಣಿಕೆ’ ಅಂತ ತಿದ್ದಿದೆ, ‘ಸ್ವಾತಂತ್ರ್ಯದ ಮಟ್ಟ’ ಹಾಗೇ ಬಿಟ್ಟೆ. ಅವಳು ಈಗ ತೋಟದ ಬದಲು ಮರ ಎಣಿಸ್ತೇನೆ, ಲೆಕ್ಕ ದೊಡ್ಡದಾಗ್ತದೆ ಅಂತಿದ್ದಾಳೆ.

ಶಿರಸಿಯಿಂದ

ಬೇಡ ಅನ್ನಿ. ಮಳೆ ಗಾಳಿಗೆ ಕೊಳೆ ಒಂದು ಮರದಿಂದ ಇನ್ನೊಂದಕ್ಕೆ ಹೋಗ್ತದೆ, ಒಂದೇ ತೋಟದ 200 ಮರ 200 ಬೇರೆ ಬೇರೆ ಸಾಕ್ಷಿ ಆಗೋದಿಲ್ಲ. ತೋಟವೇ ಲೆಕ್ಕ. ಬೇಲಿಗೆ ಬೇಲಿ ತಾಗಿದ ಎರಡು ತೋಟ ಇದ್ರೆ ಒಂದನ್ನೇ ತಗೊಳ್ಬೇಕಾ ಅನ್ನೋದನ್ನ ನಾನೂ ನಿಕ್ಕಿ ಹೇಳಲಾರೆ, ಗಾಳಿ ಯಾವ ಕಡೆ ಬೀಸ್ತದೆ ಅಂತ ಗೊತ್ತಿದ್ದ ತೋಟದವರು ಯಾರಾದ್ರೂ ಇಲ್ಲಿದ್ರೆ ಬರೀಲಿ.